ಐದನೇ ತರಗತಿವರೆಗೆ ಯಾವ ಭಾಷೆ?

2020ರ ಜುಲೈ 29ರಂದು ಕೇಂದ್ರ ಸಚಿವ ಸಂಪುಟ ರಾಷ್ಟ್ರೀಯ ಶಿಕ್ಷಣ ನೀತಿಗೆ ಒಪ್ಪಿಗೆ ಕೊಟ್ಟ ಮೇಲೆ ‘ಐದನೇ ತರಗತಿವರೆಗೆ ಮಾತೃಭಾಷೆಯಲ್ಲೇ ಪಾಠ’ ಎಂಬ ಸಾರಾಂಶ ಎಲ್ಲೆಡೆ ಹರಡಿತು. ಭಾಷಾ ಮಾಧ್ಯಮದ ವಿಷಯ ಬರುವ 4.11ನೇ ಪ್ಯಾರಾ ಓದಿದರೆ ಅಲ್ಲಿ ಅಷ್ಟು ನೇರವಾದ ಮಾತು ಇಲ್ಲ.

ಅಲ್ಲಿರುವುದು ಇಷ್ಟು: ‘ಸಾಧ್ಯವಾದಲ್ಲೆಲ್ಲ’ ಕನಿಷ್ಠ ಐದನೇ ತರಗತಿವರೆಗೆ ಬೋಧನಾ ಮಾಧ್ಯಮ ಮನೆಮಾತು, ಮಾತೃಭಾಷೆ, ಸ್ಥಳೀಯ ಭಾಷೆ ಅಥವಾ ಪ್ರಾದೇಶಿಕ ಭಾಷೆ ಆಗಿರುತ್ತದೆ, ಎಂಟನೆಯವರೆಗೆ ಮತ್ತು ಮುಂದಕ್ಕೂ ಹಾಗೇ ಇದ್ದರೆ ಒಳ್ಳೆಯದು, ಸರ್ಕಾರಿ, ಖಾಸಗಿ ಶಾಲೆಗಳೆರಡೂ ಇದನ್ನು ಪಾಲಿಸುತ್ತವೆ. ಸಾಧ್ಯವೋ ಇಲ್ಲವೋ ಎಂದು ತೀರ್ಮಾನಿಸುವವರು ಯಾರು ಎಂಬುದನ್ನು ಪ್ಯಾರಾ ಹೇಳುವುದಿಲ್ಲ. ಸಾರಾಂಶ ಬರೆಯುವವರು ಆ ಒಂದು ಪದ ಕೈಬಿಟ್ಟರೆ ಸಲಹೆ ಕಡ್ಡಾಯವಾಗಿಬಿಡುತ್ತದೆ.

ಇದಕ್ಕಿಂತ ಜಟಿಲವಾದದ್ದು ಆ ನಾಲ್ಕು ಭಾಷೆಗಳ ಪಟ್ಟಿ. ಮೂಲದಲ್ಲಿ ಅವುಗಳ ನಡುವೆ ಬರೀ ಓರೆಗೆರೆಗಳಿವೆ, ನಾಲ್ಕೂ ಒಂದೇ ಎಂಬಂತೆ. ಆದರೆ ಮನೆಯಲ್ಲಿ ಆಡುವ ಮಾತು ಮಾತೃಭಾಷೆಗಿಂತ ಅಥವಾ ಊರಿನ ಭಾಷೆಗಿಂತ ಬೇರೆ ಇರಬಹುದೆಂದು ಅದೇ ಪ್ಯಾರಾ ಮೊದಲೇ ಒಪ್ಪಿಕೊಂಡಿದೆ. ಮಂಗಳೂರಿನ ಒಂದು ಮಗುವನ್ನು ತೆಗೆದುಕೊಳ್ಳಿ. ಮನೆಯಲ್ಲಿ ತುಳು, ರಾಜ್ಯದ ಭಾಷೆ ಕನ್ನಡ. ತುಳುವಿನಲ್ಲಿ ಕಲಿಸಿದರೂ ನೀತಿ ಪಾಲಿಸಿದಂತೆ, ಕನ್ನಡದಲ್ಲಿ ಕಲಿಸಿದರೂ ಪಾಲಿಸಿದಂತೆ.

ಮುಂದೆ ಇನ್ನೊಂದು ವಾಕ್ಯ ಬರುತ್ತದೆ: ಮನೆಮಾತು ಬೋಧನಾ ಮಾಧ್ಯಮಕ್ಕಿಂತ ಬೇರೆ ಇರುವ ಮಕ್ಕಳಿಗೆ ಶಿಕ್ಷಕರು ಎರಡು ಭಾಷೆ ಬಳಸಿ ಕಲಿಸಲು ಪ್ರೋತ್ಸಾಹ ಕೊಡಬೇಕು. ಮನೆಮಾತೇ ಮಾಧ್ಯಮವಾದರೆ ಅಂಥ ಮಕ್ಕಳು ಎಲ್ಲಿಂದ ಬಂದರು? ವಿರೋಧಾಭಾಸ ಎಂದು ಬರೆಯುವ ಮೊದಲು, ಎರಡೂ ವಾಕ್ಯ ನಿಜವಾಗಿರುವ ಓದು ಸಾಧ್ಯವೇ ಎಂದು ಹುಡುಕಬೇಕು. ಇಲ್ಲಿ ಅದು ಸಿಗುತ್ತದೆ: ಎಲ್ಲ ಮಕ್ಕಳಿಗೂ ಮನೆಮಾತು ಮಾಧ್ಯಮವಾಗುವುದಿಲ್ಲವೆಂದು ನೀತಿಗೆ ಗೊತ್ತಿದೆ. ಹಾಗಾಗಿ ಇದು ವಿರೋಧವಲ್ಲ, ಅಸ್ಪಷ್ಟತೆ. ಅಂಥ ಓದು ಸಿಗದಿದ್ದರೆ ಮಾತ್ರ ವಿರೋಧ ಎನ್ನಬೇಕು. ಆಗ ಎರಡೂ ವಾಕ್ಯಗಳನ್ನು ಪ್ಯಾರಾ ಸಂಖ್ಯೆಯೊಡನೆ ಅಕ್ಕಪಕ್ಕ ಇಡಬೇಕು. ನಮಗೆ ಹಿಡಿಸಿದ್ದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡುವುದು ಓದುಗರಿಗೆ ಮಾಡುವ ಅನ್ಯಾಯ.

ನಾನು ಬರೆಯುವುದಾದರೆ ಸಾರಾಂಶ ಹೀಗಿರುತ್ತದೆ: ‘ಕನಿಷ್ಠ ಐದನೇ ತರಗತಿವರೆಗೆ, ಸಾಧ್ಯವಾದಲ್ಲೆಲ್ಲ, ಮನೆಯ ಅಥವಾ ಪ್ರದೇಶದ ಭಾಷೆಯಲ್ಲಿ ಕಲಿಸಬೇಕೆಂಬುದು ನೀತಿಯ ಆಶಯ. ಸಾಧ್ಯಾಸಾಧ್ಯತೆ ನಿರ್ಧರಿಸುವವರು ಯಾರು, ಎರಡು ಭಾಷೆ ಬೇರೆಯಾದಾಗ ಯಾವುದಕ್ಕೆ ಆದ್ಯತೆ ಎಂಬುದನ್ನು ಈ ಪ್ಯಾರಾ ತಿಳಿಸಿಲ್ಲ.’

ಹೊರಗಿನ ಸಂಗತಿಯೊಂದನ್ನು ಇದರೊಳಗೆ ಬೆರೆಸದೆ ಕೆಳಗೆ ಪ್ರತ್ಯೇಕ ಟಿಪ್ಪಣಿಯಾಗಿ ಕೊಡುತ್ತೇನೆ: ಕರ್ನಾಟಕದ್ದೇ ಪ್ರಕರಣದಲ್ಲಿ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ, ಮಗುವಿನ ಮಾತೃಭಾಷೆ ಯಾವುದೆಂದು ತೀರ್ಮಾನಿಸುವವರು ಪೋಷಕರು ಎಂದು ಹೇಳಿದೆ.