ಪಿಇ 4, ಪಿಇ 78: ಅಗ್ಗ ಯಾವುದು?

2022ರ ಮಾರ್ಚ್ ಕೊನೆಯಲ್ಲಿ ಟಾಟಾ ಸ್ಟೀಲ್‌ನ ಒಂದು ಷೇರಿನ ಬೆಲೆ ಸುಮಾರು 1,300 ರೂಪಾಯಿ ಇತ್ತು. ಅಲ್ಲಿಗೆ ಮುಗಿದ ಹಣಕಾಸು ವರ್ಷದಲ್ಲಿ ಕಂಪನಿ ಪ್ರತಿ ಷೇರಿಗೆ ಗಳಿಸಿದ್ದು ಸುಮಾರು 332 ರೂಪಾಯಿ. ಅದೇ ದಿನಗಳಲ್ಲಿ ಮ್ಯಾಗಿ, ನೆಸ್ಕೆಫೆ ಮಾರುವ ನೆಸ್ಲೆ ಇಂಡಿಯಾದ ಷೇರು 17,400 ರೂಪಾಯಿ ಆಸುಪಾಸಿನಲ್ಲಿತ್ತು. 2021ರಲ್ಲಿ ಅದರ ಗಳಿಕೆ ಷೇರಿಗೆ 222 ರೂಪಾಯಿ. ಬೆಲೆಯನ್ನು ಗಳಿಕೆಯಿಂದ ಭಾಗಿಸಿದರೆ ಟಾಟಾ ಸ್ಟೀಲ್‌ಗೆ ಬರುವುದು ಸುಮಾರು 4, ನೆಸ್ಲೆಗೆ 78. ಇದೇ ಪಿಇ ಅನುಪಾತ. ಷೇರಿಗೆ ಕೊಟ್ಟ ಹಣ ಕಂಪನಿಯ ಒಂದು ವರ್ಷದ ಲಾಭದ ಎಷ್ಟು ಪಟ್ಟು ಎಂಬುದನ್ನು ಅದು ಹೇಳುತ್ತದೆ.

ಈ ಎರಡು ಅಂಕಿಗಳನ್ನಷ್ಟೇ ಮುಂದಿಟ್ಟರೆ ಯಾರಾದರೂ ಉಕ್ಕಿನ ಷೇರನ್ನೇ ಆರಿಸಿಕೊಳ್ಳುತ್ತಾರೆ. ಲಾಭ ಹೀಗೇ ಬರುತ್ತಿದ್ದರೆ ಹಾಕಿದ ಹಣದಷ್ಟನ್ನು ಕಂಪನಿ ನಾಲ್ಕೇ ವರ್ಷದಲ್ಲಿ ಗಳಿಸುತ್ತದೆ. ನೆಸ್ಲೆಗೆ ಅದಕ್ಕೆ ಒಂದು ಜೀವಮಾನವೇ ಬೇಕು. ತೊಡಕಿರುವುದು ‘ಹೀಗೇ ಬರುತ್ತಿದ್ದರೆ’ ಎಂಬ ಮಾತಿನಲ್ಲಿ. ಉಕ್ಕಿನಲ್ಲಿ ಲಾಭ ಹೀಗೇ ಬರುವುದಿಲ್ಲ.

ಲಾಭದ ಶಿಖರದಲ್ಲಿ ಪಿಇ ಪಾತಾಳಕ್ಕೆ

ಟಾಟಾ ಸ್ಟೀಲ್‌ನ ಲೆಕ್ಕವನ್ನೇ ಮುಂದುವರಿಸೋಣ. 2021-22ರಲ್ಲಿ ಅದರ ಒಟ್ಟು ನಿವ್ವಳ ಲಾಭ 41,749 ಕೋಟಿ ರೂಪಾಯಿ. ಹಿಂದಿನ ವರ್ಷ ಅದು ಸುಮಾರು 8,200 ಕೋಟಿ, ಅದಕ್ಕೂ ಹಿಂದಿನ ವರ್ಷ 1,200 ಕೋಟಿಯಷ್ಟೇ ಇತ್ತು. ಎರಡು ವರ್ಷದಲ್ಲಿ ಲಾಭ ಮೂವತ್ತು ಪಟ್ಟು ಮೀರಿ ಬೆಳೆದದ್ದು ಕಂಪನಿ ಹೊಸದೇನನ್ನೋ ಕಂಡುಹಿಡಿದದ್ದರಿಂದಲ್ಲ. ಕೋವಿಡ್ ನಂತರ ಜಗತ್ತಿನೆಲ್ಲೆಡೆ ಉಕ್ಕಿನ ಬೇಡಿಕೆ ಒಮ್ಮೆಗೇ ಎದ್ದಿತು. ಚೀನಾ ತನ್ನ ಉತ್ಪಾದನೆಗೆ ಕಡಿವಾಣ ಹಾಕಿತು. ಉಕ್ಕಿನ ಬೆಲೆ ಜಿಗಿಯಿತು. ಕುಲುಮೆಯ ಖರ್ಚು, ಸಂಬಳ, ಸಾಲದ ಬಡ್ಡಿಗಳು ಉಕ್ಕಿನ ಬೆಲೆಯಷ್ಟು ವೇಗವಾಗಿ ಏರುವುದಿಲ್ಲ. ಹಾಗಾಗಿ ಟನ್ನಿಗೆ ಹೆಚ್ಚುವರಿಯಾಗಿ ಸಿಕ್ಕಿದ ಹಣದ ಬಹುಪಾಲು ನೇರವಾಗಿ ಲಾಭದ ಖಾತೆಗೆ ಬಂತು. ಬೆಲೆ ಇಳಿದಾಗಲೂ ಇದೇ ನಿಯಮ ಅಷ್ಟೇ ಬಲವಾಗಿ ಕೆಲಸ ಮಾಡುತ್ತದೆ.

ಆದದ್ದೂ ಹಾಗೆಯೇ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹಲವು ಬಗೆಯ ಉಕ್ಕಿನ ರಫ್ತಿನ ಮೇಲೆ ಶೇ 15ರಷ್ಟು ಸುಂಕ ಹೇರಿತು, ನವೆಂಬರಿನಲ್ಲಿ ಹಿಂತೆಗೆದುಕೊಂಡಿತು. ಹೊರದೇಶಗಳಲ್ಲೂ ಬೆಲೆ ಇಳಿಯಿತು. 2022-23ರಲ್ಲಿ ಕಂಪನಿಯ ಲಾಭ 8,075 ಕೋಟಿಗೆ ಬಂತು. 2023-24ರಲ್ಲಿ ಬ್ರಿಟನ್ನಿನ ಪೋರ್ಟ್ ಟಾಲ್ಬಟ್ ಘಟಕದ ಪುನರ್‌ರಚನೆಗೆಂದು ತೆಗೆದಿಟ್ಟ ಮೊತ್ತವೂ ಸೇರಿ 4,910 ಕೋಟಿ ನಷ್ಟವಾಯಿತು.

ಈಗ ಪಿಇ ಹೇಗೆ ನಡೆದುಕೊಂಡಿತು ನೋಡಿ. 2022ರ ಜುಲೈನಲ್ಲಿ ಒಂದು ಷೇರು ಹತ್ತಾಗಿ ವಿಭಜನೆಯಾದ್ದರಿಂದ ಹಳೆಯ 1,300 ರೂಪಾಯಿಯನ್ನು 130 ಎಂದು ಓದಬೇಕು. 2023ರ ಮಾರ್ಚ್ ಕೊನೆಗೆ ಷೇರು ಸುಮಾರು 104 ರೂಪಾಯಿಗೆ ಇಳಿದಿತ್ತು, ಪಿಇ ಮಾತ್ರ 14ರ ಮೇಲೆ ಹೋಗಿತ್ತು. ಅಂದರೆ ಬೆಲೆ ಇಳಿದ ಮೇಲೆ ಷೇರು ಲೆಕ್ಕದಲ್ಲಿ ಇನ್ನಷ್ಟು ‘ದುಬಾರಿ’ಯಾಯಿತು! 2024ರ ಮಾರ್ಚ್ ಹೊತ್ತಿಗೆ ಬೆಲೆ 156ರ ಸುತ್ತ ಇತ್ತು, ಆದರೆ ನಷ್ಟದ ವರ್ಷವಾದ್ದರಿಂದ ಪಿಇ ಎಂಬುದೇ ಇರಲಿಲ್ಲ. ನಷ್ಟದಿಂದ ಭಾಗಿಸಿದರೆ ಬರುವ ಅಂಕಿಗೆ ಅರ್ಥವಿಲ್ಲದ ಕಾರಣ ಹಣಕಾಸು ತಾಣಗಳಲ್ಲಿ ಆ ಜಾಗ ಸಾಮಾನ್ಯವಾಗಿ ಖಾಲಿ ಇರುತ್ತದೆ.

ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಸಕ್ಕರೆ, ಹಡಗು ಸಾಗಣೆಯಂಥ ಏರಿಳಿತದ ಉದ್ಯಮಗಳಲ್ಲಿ ಇದು ಮತ್ತೆ ಮತ್ತೆ ಕಾಣುವ ನಡೆ. ಲಾಭ ಶಿಖರ ಮುಟ್ಟಿದಾಗ ಅದು ಉಳಿಯುವುದಿಲ್ಲವೆಂದು ಪೇಟೆ ಮೊದಲೇ ಊಹಿಸಿ ಬೆಲೆಯನ್ನು ಅಷ್ಟು ಏರಿಸುವುದಿಲ್ಲ. ಪಿಇ ತೀರಾ ಕಡಿಮೆಯಾಗುತ್ತದೆ. ಲಾಭ ನೆಲಕಚ್ಚಿದಾಗ ಚೇತರಿಕೆಯನ್ನು ಊಹಿಸಿ ಬೆಲೆಯನ್ನು ಪೂರ್ತಿ ಇಳಿಸುವುದಿಲ್ಲ, ಪಿಇ ಏರುತ್ತದೆ. ಇಂಥ ಕಂಪನಿಗಳಲ್ಲಿ ಕಡಿಮೆ ಪಿಇಯನ್ನು ಎಚ್ಚರಿಕೆಯಾಗಿ ನೋಡಬೇಕೆಂದು ಅಮೆರಿಕದ ಹೆಸರಾಂತ ಫಂಡ್ ಮ್ಯಾನೇಜರ್ ಪೀಟರ್ ಲಿಂಚ್ ಬರೆದದ್ದು ಇದಕ್ಕಾಗಿಯೇ. ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿದ ವರ್ಷದ ಆದಾಯ ತೋರಿಸಿ ಕೋಲಾರದ ಹೊಲವೊಂದನ್ನು ಮಾರಲು ಬಂದರೆ ಯಾವ ರೈತನೂ ಆ ಲೆಕ್ಕವನ್ನು ಒಪ್ಪುವುದಿಲ್ಲ. ಹತ್ತು ವರ್ಷದಲ್ಲಿ ಏನು ಬಂತು ಎಂದು ಕೇಳುತ್ತಾನೆ.

ಷೇರಿಗೂ ಆ ಪ್ರಶ್ನೆಯನ್ನೇ ಹಾಕಬಹುದು. ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ 1934ರಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಒಂದು ವರ್ಷದ ಲಾಭ ನೆಚ್ಚಬೇಡಿ, ಕನಿಷ್ಠ ಐದು ವರ್ಷದ, ಸಾಧ್ಯವಾದರೆ ಏಳರಿಂದ ಹತ್ತು ವರ್ಷದ ಸರಾಸರಿ ನೋಡಿ ಎಂದು ಸಲಹೆ ಕೊಟ್ಟಿದ್ದರು. ಟಾಟಾ ಸ್ಟೀಲ್‌ಗೆ 2021-22ಕ್ಕೆ ಕೊನೆಗೊಂಡ ನಾಲ್ಕೇ ವರ್ಷದ ಸರಾಸರಿ ತೆಗೆದರೂ ಲಾಭ ಸುಮಾರು 15,000 ಕೋಟಿಗೆ ಇಳಿಯುತ್ತದೆ. ಆಗ ಕಂಪನಿಯ ಎಲ್ಲ ಷೇರುಗಳ ಪೇಟೆ ಮೌಲ್ಯ ಸುಮಾರು 1.6 ಲಕ್ಷ ಕೋಟಿ. ಭಾಗಿಸಿದರೆ 10ರ ಮೇಲೆ ಬರುತ್ತದೆ. ಆ ಷೇರು ಆಗ ದುಬಾರಿಯಾಗಿತ್ತು ಎಂದು ಇದರ ಅರ್ಥವಲ್ಲ. ಆದರೆ 4 ಎಂಬುದು ತೋರಿಸುತ್ತಿದ್ದ ಅಗ್ಗ ಅಲ್ಲಿರಲಿಲ್ಲ.

ಗಳಿಸಿದ್ದರಲ್ಲಿ ಕೈಗೆ ಸಿಗುವುದೆಷ್ಟು?

ಹಾಗಿದ್ದರೂ ನೆಸ್ಲೆಗೆ 78 ಪಟ್ಟು ಕೊಡುವವರು ಏನನ್ನು ನೋಡಿ ಕೊಡುತ್ತಾರೆ? ಲಾಭ ವರ್ಷದಿಂದ ವರ್ಷಕ್ಕೆ ಹೆಚ್ಚು ಅಲುಗಾಡದಿರುವುದು ಒಂದು ಕಾರಣ. ಇನ್ನೊಂದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. 2021ರಲ್ಲಿ ನೆಸ್ಲೆ ಗಳಿಸಿದ್ದು ಷೇರಿಗೆ 222 ರೂಪಾಯಿ. ಆ ವರ್ಷಕ್ಕೆಂದು ಷೇರುದಾರರಿಗೆ ಹಂಚಿದ ಲಾಭಾಂಶ 200 ರೂಪಾಯಿ. ಹತ್ತರಲ್ಲಿ ಒಂಬತ್ತು ಪಾಲನ್ನು ಹಂಚಿಯೂ ವ್ಯಾಪಾರ ಬೆಳೆಯುತ್ತಿತ್ತು. ನೂಡಲ್ಸ್ ಮತ್ತು ಕಾಫಿಯ ಮಾರಾಟ ಹೆಚ್ಚಿಸಲು ಬೇಕಾದ ಹೊಸ ಯಂತ್ರ, ಕಟ್ಟಡಗಳ ಖರ್ಚು ಗಳಿಕೆಗೆ ಹೋಲಿಸಿದರೆ ಸಣ್ಣದು.

ಉಕ್ಕಿನಲ್ಲಿ ಹಾಗಿಲ್ಲ. ಒಳ್ಳೆಯ ವರ್ಷದ ಲಾಭದ ದೊಡ್ಡ ಪಾಲು ಸಾಲ ತೀರಿಸಲು, ಹೊಸ ಕುಲುಮೆ ಕಟ್ಟಲು ಹೋಗುತ್ತದೆ. ಬೆಳೆಯುವುದಿರಲಿ, ಇದ್ದಲ್ಲೇ ಇರಲೂ ಹಳೆಯ ಕುಲುಮೆಗಳ ದುರಸ್ತಿಗೆ ಹಣ ಸುರಿಯಬೇಕು. ಟಾಟಾ ಸ್ಟೀಲ್ ತನ್ನ ಅತ್ಯುತ್ತಮ ವರ್ಷದ 332 ರೂಪಾಯಿ ಗಳಿಕೆಯಲ್ಲಿ ಲಾಭಾಂಶವಾಗಿ ಕೊಟ್ಟದ್ದು 51 ರೂಪಾಯಿ. ಲಾಭದ ನೂರು ರೂಪಾಯಿ ಎರಡೂ ಕಡೆ ನೂರೇ ಆದರೂ ಮಾಲೀಕನ ಕೈಗೆ ಬರುವುದು ಒಂದೇ ಅಲ್ಲ. ಪಿಇ ಈ ವ್ಯತ್ಯಾಸವನ್ನು ನೋಡುವುದೇ ಇಲ್ಲ.

ಸಾಲ ಮಾಡುವ ಕಣ್ಕಟ್ಟು

ಮೂರನೆಯ ತೊಡಕು ಸಾಲದ್ದು. ಇದಕ್ಕೊಂದು ಕಾಲ್ಪನಿಕ ಲೆಕ್ಕ ಹಾಕೋಣ. ಎರಡು ಕಂಪನಿಗಳಿವೆ. ಬಡ್ಡಿ ಮತ್ತು ತೆರಿಗೆ ಕಟ್ಟುವ ಮುಂಚೆ ಎರಡಕ್ಕೂ ವರ್ಷಕ್ಕೆ 100 ಕೋಟಿ ಲಾಭ. ಇಡೀ ವ್ಯವಹಾರದ ಬೆಲೆ ಎರಡಕ್ಕೂ 750 ಕೋಟಿ. ತೆರಿಗೆ ಶೇ 25.

ಮೊದಲನೆಯದಕ್ಕೆ ಸಾಲವಿಲ್ಲ. ತೆರಿಗೆ ಕಳೆದು ಉಳಿಯುವುದು 75 ಕೋಟಿ. 750 ಕೋಟಿಯ ಷೇರು ಮೌಲ್ಯಕ್ಕೆ ಪಿಇ 10. ಎರಡನೆಯದಕ್ಕೆ 400 ಕೋಟಿ ಸಾಲವಿದೆ, ಬಡ್ಡಿ ಶೇ 10. ಬಡ್ಡಿಗೆ 40 ಕೋಟಿ ಹೋಗಿ ಉಳಿದ 60ಕ್ಕೆ ತೆರಿಗೆ ಕಳೆದರೆ 45 ಕೋಟಿ. ವ್ಯವಹಾರದ ಬೆಲೆಯಲ್ಲಿ 400 ಕೋಟಿ ಸಾಲಗಾರರದ್ದಾದ್ದರಿಂದ ಷೇರುಗಳ ಮೌಲ್ಯ 350 ಕೋಟಿ. ಪಿಇ 7.8. ವ್ಯವಹಾರ ಅದೇ, ಬೆಲೆಯೂ ಅದೇ. ಆದರೂ ಸಾಲ ಮಾಡಿದ ಕಂಪನಿ ಅಗ್ಗವಾಗಿ ಕಾಣುತ್ತದೆ.

ಆ ‘ಅಗ್ಗ’ದ ಬೆಲೆ ಕೆಟ್ಟ ವರ್ಷದಲ್ಲಿ ಗೊತ್ತಾಗುತ್ತದೆ. ನೂರು ಕೋಟಿ ಐವತ್ತಕ್ಕಿಳಿದರೆ ಮೊದಲ ಕಂಪನಿಯ ನಿವ್ವಳ ಲಾಭ ಅರ್ಧವಾಗುತ್ತದೆ. ಎರಡನೆಯದರಲ್ಲಿ ಬಡ್ಡಿ ಕಟ್ಟಿದ ಮೇಲೆ ಉಳಿಯುವುದು ಹತ್ತೇ ಕೋಟಿ, ತೆರಿಗೆ ಕಳೆದು ಏಳೂವರೆ, ಲಾಭ ಆರರಲ್ಲೊಂದಾಗುತ್ತದೆ. ಹೀಗಾಗಿ ಸಾಲ ಹೆಚ್ಚಿರುವ ಉಕ್ಕು, ವಿದ್ಯುತ್, ಟೆಲಿಕಾಂ ಕಂಪನಿಗಳನ್ನು ಸಾಲವೇ ಇಲ್ಲದ ಸಾಫ್ಟ್‌ವೇರ್ ಕಂಪನಿಗಳ ಪಕ್ಕದಲ್ಲಿಟ್ಟು ಪಿಇ ಓದಿದರೆ ದಾರಿ ತಪ್ಪುತ್ತದೆ. ವಿಶ್ಲೇಷಕರು ಇಂಥಲ್ಲಿ ಷೇರು ಮೌಲ್ಯಕ್ಕೆ ನಿವ್ವಳ ಸಾಲವನ್ನೂ ಕೂಡಿಸಿ, ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಲಾಭದಿಂದ ಭಾಗಿಸುತ್ತಾರೆ. ಅದನ್ನು ಇವಿ-ಇಬಿಟ್ಡಾ ಎನ್ನುತ್ತಾರೆ. ಇದೂ ಎಲ್ಲ ಕಡೆ ಸಲ್ಲುವುದಿಲ್ಲ. ಬ್ಯಾಂಕಿಗೆ ಠೇವಣಿ, ಸಾಲಗಳೇ ಕಚ್ಚಾವಸ್ತು. ಬಡ್ಡಿಯನ್ನು ಬದಿಗಿಟ್ಟರೆ ಅಲ್ಲಿ ಲೆಕ್ಕವೇ ಉಳಿಯದು. ಅಲ್ಲಿ ಷೇರಿನ ಬೆಲೆಯನ್ನು ಪುಸ್ತಕ ಮೌಲ್ಯದ ಜತೆ ಹೋಲಿಸುವುದು ರೂಢಿ.

ಪಿಇ ಎಲ್ಲಿ ಸಲ್ಲುತ್ತದೆ?

ಈ ಮೂರು ತೊಡಕುಗಳೂ ಒಂದೇ ಉದ್ಯಮದೊಳಗೆ ಬಹುಮಟ್ಟಿಗೆ ಸಮನಾಗುತ್ತವೆ. ಬಳ್ಳಾರಿ ಕಡೆಯ ತೋರಣಗಲ್ಲಿನಲ್ಲಿ ದೊಡ್ಡ ಸ್ಥಾವರ ಇಟ್ಟುಕೊಂಡಿರುವ ಜೆಎಸ್‌ಡಬ್ಲ್ಯು ಸ್ಟೀಲನ್ನೂ ಟಾಟಾ ಸ್ಟೀಲನ್ನೂ ಅಕ್ಕಪಕ್ಕ ಇಟ್ಟರೆ ಉಕ್ಕಿನ ಬೆಲೆಯ ಏರಿಳಿತ ಇಬ್ಬರಿಗೂ ಒಂದೇ, ಕುಲುಮೆಯ ಖರ್ಚು ಇಬ್ಬರಿಗೂ ಇದೆ. ಆಗ ಪಿಇಯಲ್ಲಿ ಕಾಣುವ ವ್ಯತ್ಯಾಸ ಸಾಲದ್ದೋ, ಅದಿರಿನ ಗಣಿ ಸ್ವಂತದ್ದೋ ಅಲ್ಲವೋ ಎಂಬುದೋ, ವಿದೇಶಿ ಘಟಕದ ನಷ್ಟದ್ದೋ ಎಂದು ಹುಡುಕುತ್ತ ಹೋಗಬಹುದು. ಇನ್ಫೊಸಿಸ್, ಟಿಸಿಎಸ್‌ಗಳ ನಡುವೆಯೂ ಹಾಗೆಯೇ. ಉದ್ಯಮ ಬದಲಾದೊಡನೆ ಪಿಇ ಕಂಪನಿಯ ವಿಷಯಕ್ಕಿಂತ ಉದ್ಯಮದ ಸ್ವಭಾವವನ್ನೇ ಹೆಚ್ಚು ಹೇಳುತ್ತದೆ.

ಒಂದೇ ಉದ್ಯಮದಲ್ಲೂ ಪಿಇಯ ಛೇದದಲ್ಲಿರುವ ಲಾಭ ಯಾವುದೆಂದು ಗಮನಿಸಬೇಕು. ಕಂಪನಿ ಜಮೀನನ್ನೋ ಅಂಗಸಂಸ್ಥೆಯನ್ನೋ ಮಾರಿದ ವರ್ಷ ಲಾಭ ಉಬ್ಬಿ ಪಿಇ ಕುಗ್ಗುತ್ತದೆ. ಲಾಭ-ನಷ್ಟ ಪಟ್ಟಿಯ ‘ಅಸಾಧಾರಣ ಬಾಬು’ಗಳ ಸಾಲಿನಲ್ಲಿ ಅದು ಕಾಣುತ್ತದೆ. ಅಂಗಸಂಸ್ಥೆಗಳ ಲಾಭ ಸೇರಿದೆಯೇ ಇಲ್ಲವೇ ಎಂಬುದೂ ಸಣ್ಣ ಮಾತಲ್ಲ. 2021ರ ಮಾರ್ಚ್ ಕೊನೆಗೆ ರಾಷ್ಟ್ರೀಯ ಷೇರುಪೇಟೆ ಅಂಗಸಂಸ್ಥೆಗಳ ಲಾಭವನ್ನೂ ಸೇರಿಸಿ ನಿಫ್ಟಿಯ ಪಿಇ ಲೆಕ್ಕ ಹಾಕತೊಡಗಿದಾಗ, 40ರ ಸುತ್ತ ಇದ್ದ ಅಂಕಿ 33ರ ಸುತ್ತಕ್ಕೆ ಬಂತು. ಪೇಟೆಯಲ್ಲಿ ಏನೂ ಅಗ್ಗವಾಗಿರಲಿಲ್ಲ.

ಹೆಚ್ಚಿನ ಪಿಇ ಎಂದರೆ ಒಳ್ಳೆಯ ಷೇರು ಎಂಬ ತೀರ್ಮಾನಕ್ಕೂ ಬರಬಾರದು. 2022ರ ಮಾರ್ಚಿನಿಂದ ಎರಡು ವರ್ಷದಲ್ಲಿ ನೆಸ್ಲೆ ಷೇರು ಶೇ 50ರಷ್ಟು ಏರಿತು, ಟಾಟಾ ಸ್ಟೀಲ್ ಶೇ 20ರಷ್ಟು. ಮರುವರ್ಷ ಟಾಟಾ ಸ್ಟೀಲ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು, ನೆಸ್ಲೆ ಇಳಿಯಿತು. ಉಕ್ಕಿನ 4 ‘ಈ ಲಾಭ ಉಳಿಯುವುದಿಲ್ಲ’ ಎಂಬ ಪೇಟೆಯ ಊಹೆ. ನೂಡಲ್ಸಿನ 78 ‘ಈ ಲಾಭ ಬಹುಕಾಲ ಬೆಳೆಯುತ್ತದೆ’ ಎಂಬ ಊಹೆ. ಹೂಡಿಕೆದಾರ ಮಾಡಬೇಕಾದ ಕೆಲಸ ಈ ಎರಡು ಅಂಕಿಗಳನ್ನು ಒಂದರ ಜತೆ ಒಂದು ತೂಗುವುದಲ್ಲ, ಒಂದೊಂದರ ಹಿಂದಿನ ಊಹೆ ಎಷ್ಟು ಸರಿ ಎಂದು ಆಯಾ ಕಂಪನಿಯ ಹತ್ತು ವರ್ಷದ ಲೆಕ್ಕದಲ್ಲಿ ಪರೀಕ್ಷಿಸುವುದು.