ಕಲಿತದ್ದು ಹೆರಿಗೆ ಕೋಣೆಗೆ ತಲುಪಿತೇ?

ತರಬೇತಿ ಮುಗಿದ ಸಂಜೆ ಹಂಚುವ ಅಭಿಪ್ರಾಯದ ಹಾಳೆಯಲ್ಲಿ ಬಹುತೇಕರು ‘ಚೆನ್ನಾಗಿತ್ತು’ ಎಂದೇ ಬರೆಯುತ್ತಾರೆ. ಅದರಿಂದ ಕೆಲಸದಲ್ಲಿ ಏನು ಬದಲಾಯಿತೆಂದು ಗೊತ್ತಾಗುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆಯತೊಡಗಿದ ಲೇಖನಗಳಲ್ಲಿ ತರಬೇತಿಯನ್ನು ಅಳೆಯಲು ನಾಲ್ಕು ಹಂತ ಸೂಚಿಸಿದರು: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ.

ಹೆರಿಗೆ ಮಾಡಿಸುವ ನರ್ಸ್‌ಗಳ ತರಬೇತಿಯನ್ನೇ ನೋಡಿ. ಮಗು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಚುಚ್ಚುಮದ್ದು ಕೊಟ್ಟರೆ ಅತಿ ರಕ್ತಸ್ರಾವದ ಅಪಾಯ ತಗ್ಗುತ್ತದೆ. ಪಾಠ ಹಿಡಿಸಿತೇ ಎಂದು ಕೇಳುವುದು ಮೊದಲ ಹಂತ. ತರಬೇತಿಗೆ ಮುಂಚೆ ಮತ್ತು ಆಮೇಲೆ ಬೊಂಬೆಯ ಮೇಲೆ ಮಾಡಿ ತೋರಿಸಲು ಹೇಳುವುದು ಎರಡನೆಯದು. ಕೆಲವು ತಿಂಗಳ ನಂತರ ನಿಜವಾದ ಹೆರಿಗೆಯಲ್ಲಿ ಚುಚ್ಚುಮದ್ದು ಸಮಯಕ್ಕೆ ಬಿತ್ತೇ ಎಂದು ಪಕ್ಕದಲ್ಲಿ ನಿಂತು ಗುರುತು ಹಾಕುವುದು ಮೂರನೆಯದು. ರಕ್ತಸ್ರಾವದ ಪ್ರಕರಣಗಳು ಇಳಿದವೇ ಎಂದು ನೋಡುವುದು ನಾಲ್ಕನೆಯದು.

ಒಂದು ಹಂತ ದಾಟಿದ ಮಾತ್ರಕ್ಕೆ ಮುಂದಿನದು ತಾನಾಗಿ ಸಿಗದು. ಬೊಂಬೆಯ ಮೇಲೆ ತಪ್ಪಿಲ್ಲದೆ ಮಾಡಿದ ನರ್ಸ್‌ಗೂ, ಹೆರಿಗೆ ಕೋಣೆಯ ಟ್ರೇಯಲ್ಲಿ ಔಷಧಿಯೇ ಇಲ್ಲದಿದ್ದರೆ, ಕೈ ಕಟ್ಟಿದಂತಾಗುತ್ತದೆ. ಚುಚ್ಚುಮದ್ದು ಸಮಯಕ್ಕೆ ಬಿದ್ದರೂ, ಫ್ರಿಜ್‌ನಲ್ಲಿಡಬೇಕಾದ ಆಕ್ಸಿಟೋಸಿನ್ ಸೆಕೆಯಲ್ಲಿ ಸತ್ವ ಕಳೆದುಕೊಂಡಿದ್ದರೆ ರಕ್ತಸ್ರಾವ ನಿಲ್ಲದಿರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ‘ಸುರಕ್ಷಿತ ಹೆರಿಗೆ ತಪಶೀಲು ಪಟ್ಟಿ’ಯ ಕಥೆ ಇದನ್ನು ಬಿಡಿಸಿ ತೋರಿಸುತ್ತದೆ. ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ ಈ ಪಟ್ಟಿಯನ್ನು ಪ್ರಯೋಗಕ್ಕೆ ಹಚ್ಚಿದಾಗ, 29 ಅಗತ್ಯ ಕ್ರಮಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದ ಕಡೆ 25 ನಡೆಯತೊಡಗಿದವು. 2012ರಲ್ಲಿ ಪ್ರಕಟವಾದ ಈ ಅಂಕಿ ಮೂರನೇ ಹಂತದ್ದು.

ಮುಂದೆ ಉತ್ತರ ಪ್ರದೇಶದ 120 ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ ದೊಡ್ಡ ಅಧ್ಯಯನ ನಡೆಯಿತು. ಅರ್ಧದಷ್ಟು ಕಡೆ ಎಂಟು ತಿಂಗಳು ಮಾರ್ಗದರ್ಶಕರು ಬಂದು, ಸಿಬ್ಬಂದಿಯ ಜೊತೆ ನಿಂತು ಕಲಿಸಿದರು. ಉಳಿದರ್ಧ ಎಂದಿನಂತೆ ನಡೆಯಿತು. ಎರಡು ತಿಂಗಳಾದಾಗ ಮಾರ್ಗದರ್ಶನ ಸಿಕ್ಕ ಕಡೆ ಅಗತ್ಯ ಕ್ರಮಗಳಲ್ಲಿ ಸುಮಾರು 73 ಶೇಕಡಾ ಪಾಲನೆಯಾಗುತ್ತಿದ್ದವು, ಉಳಿದ ಕಡೆ ಸುಮಾರು 42. ಹನ್ನೆರಡನೇ ತಿಂಗಳಿಗೆ, ಮಾರ್ಗದರ್ಶಕರು ಬರುವುದು ನಿಂತ ಮೇಲೆ, 73 ಇದ್ದದ್ದು 62ಕ್ಕೆ ಇಳಿದಿತ್ತು. ತಾಯಿ-ಶಿಶುಗಳ ಸಾವು ಮತ್ತು ತಾಯಂದಿರ ಗಂಭೀರ ತೊಂದರೆಗಳನ್ನು ಕೂಡಿಸಿ ಎಣಿಸಿದಾಗ ಮಾತ್ರ ಒಂದೆಡೆ 15.1 ಶೇಕಡಾ, ಇನ್ನೊಂದೆಡೆ 15.3. ವ್ಯತ್ಯಾಸ ಇಲ್ಲವೆಂದೇ ಅರ್ಥ. ಇದು 2017ರಲ್ಲಿ ಪ್ರಕಟವಾಯಿತು.

ಎರಡನೇ ತಿಂಗಳಿಗೇ ಅಳತೆ ನಿಲ್ಲಿಸಿದ್ದರೆ ಕಾರ್ಯಕ್ರಮ ಪೂರ್ತಿ ಗೆದ್ದಿತೆಂದು ವರದಿ ಹೋಗುತ್ತಿತ್ತು. ಹೋಲಿಸಲು ಆ ಇನ್ನರ್ಧ ಇಲ್ಲದಿದ್ದರೆ 15.1 ಎಂಬುದು ಒಳ್ಳೆಯದೋ ಕೆಟ್ಟದೋ ಹೇಳಲಾಗುತ್ತಿರಲಿಲ್ಲ. ಮೂರನೇ ಹಂತಕ್ಕೂ ಒಂದು ಮಿತಿಯಿದೆ: ಯಾರೋ ನೋಡುತ್ತಿದ್ದಾರೆಂದರೆ ಸಿಬ್ಬಂದಿ ಎಂದಿಗಿಂತ ಎಚ್ಚರವಾಗಿರುತ್ತಾರೆ. ಆದ್ದರಿಂದ ಯಾವ ಅಂಕಿ ಇಳಿಯಬೇಕು, ಅದಕ್ಕೆ ಹೆರಿಗೆ ಕೋಣೆಯಲ್ಲಿ ಯಾವ ಕೆಲಸ ಬದಲಾಗಬೇಕು, ಅದಕ್ಕೆ ಏನನ್ನು ಕಲಿಸಬೇಕು ಎಂದು ನಾಲ್ಕನೇ ಹಂತದಿಂದ ಹಿಂದಕ್ಕೆ ಲೆಕ್ಕ ಹಾಕಿ, ತರಬೇತಿಗೆ ಮುಂಚಿನ ಅಂಕಿಗಳನ್ನು ಹೆರಿಗೆ ರಿಜಿಸ್ಟರಿನಿಂದ ಮೊದಲೇ ಬರೆದಿಟ್ಟುಕೊಳ್ಳಬೇಕಾಗುತ್ತದೆ.