ರಾತ್ರಿ ಹನ್ನೊಂದಕ್ಕೆ ಆಡಿಟರ್ ಫೋನಿಗೆ ಬರುವ ಮೆಸೇಜು

ಪೈಪು, ಪೇಂಟು ಮಾರುವ ಅಂಗಡಿಯ ಮಾಲೀಕರಿಗೆ ಹಗಲಲ್ಲಿ ತೆರಿಗೆಯ ಲೆಕ್ಕ ನೆನಪಾಗುವುದಿಲ್ಲ. ಗಿರಾಕಿ, ಹಮಾಲಿ, ಸಾಲದ ವಸೂಲಿ, ಇಷ್ಟರಲ್ಲೇ ದಿನ ಮುಗಿದಿರುತ್ತದೆ. ಒಂಬತ್ತಕ್ಕೆ ಶಟರ್ ಎಳೆದು, ಊಟ ಮುಗಿಸಿ, ಮಂಚದ ಮೇಲೆ ಕೂತಾಗ ತಾರೀಖು ಕಣ್ಣಿಗೆ ಬೀಳುತ್ತದೆ: 18. ಆಗ ಆಡಿಟರ್‌ಗೆ ಮೆಸೇಜು ಹೋಗುತ್ತದೆ. (ಜಿಎಸ್‌ಟಿ ರಿಟರ್ನ್ ಹಾಕಿಕೊಡುವವರು ಸಿಎ ಆಗಿರಲಿ, ಬಿಕಾಂ ಓದಿದ ತೆರಿಗೆ ಸಲಹೆಗಾರರಾಗಿರಲಿ, ನಮ್ಮ ಊರುಗಳಲ್ಲಿ ಎಲ್ಲರೂ ಆಡಿಟರೇ.) ‘ಮೇಡಂ, 3ಬಿ ಆಯ್ತಾ? ಎಷ್ಟು ಕಟ್ಬೇಕು ಈಗ್ಲೇ ಹೇಳಿ, ಬೆಳಿಗ್ಗೆ ದುಡ್ಡು ಹೊಂದಿಸ್ಬೇಕು.’

ಇದಕ್ಕೆ ಸಾಮಾನ್ಯವಾಗಿ ಮೂರು ಬಗೆಯ ಉತ್ತರ ಹೋಗುತ್ತದೆ. ಕೆಲವರು ನೋಡಿ ಸುಮ್ಮನಾಗುತ್ತಾರೆ. ನೀಲಿ ಟಿಕ್ ಬಿದ್ದಿರುವುದರಿಂದ ಆ ಮೌನವೇ ಒಂದು ಉತ್ತರವಾಗಿಬಿಡುತ್ತದೆ. ಕೆಲವರು ‘ನಾಳೆ ನೋಡೋಣ’ ಅನ್ನುತ್ತಾರೆ. ಇನ್ನು ಕೆಲವರು ಎದ್ದು ಲ್ಯಾಪ್‌ಟಾಪ್ ತೆರೆದು ಅಂದಾಜಿನ ಒಂದು ಮೊತ್ತ ಹೇಳಿಬಿಡುತ್ತಾರೆ. ಮೂರನೆಯದು ವಿನಯದಂತೆ ಕಂಡರೂ ನನ್ನ ಪ್ರಕಾರ ಹೆಚ್ಚು ಹಾನಿ ಮಾಡುವುದು ಅದೇ.

ಏಕೆಂದರೆ ಆ ಮೊತ್ತ ಖರೀದಿ ಬಿಲ್ಲುಗಳ ತಾಳೆಯ ಮೇಲೆ ನಿಂತಿದೆ. ಸರಕು ಮಾರಿದವರು ತಮ್ಮ ರಿಟರ್ನಿನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿ ಪ್ರತಿ ತಿಂಗಳು 14ರಂದು ಪೋರ್ಟಲಿನಲ್ಲಿ ಸಿದ್ಧವಾಗುತ್ತದೆ. ಅದಕ್ಕೆ 2ಬಿ ಎಂದು ಹೆಸರು. ಅಂಗಡಿಯವರು ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳಬೇಕಾದರೆ ಬಿಲ್ಲು ಈ ಪಟ್ಟಿಯಲ್ಲಿರಬೇಕು. ಪೈಪ್ ಕಂಪನಿಯ ಒಂದೂವರೆ ಲಕ್ಷದ ಬಿಲ್ಲೊಂದು ಅದರಲ್ಲಿ ಇಲ್ಲ ಎಂದುಕೊಳ್ಳಿ. ಶೇ. 18ರ ಲೆಕ್ಕದಲ್ಲಿ 27,000 ರೂಪಾಯಿ ವ್ಯತ್ಯಾಸ. ರಾತ್ರಿ ನಿದ್ದೆಗಣ್ಣಿನಲ್ಲಿ ‘ಸುಮಾರು 41,000’ ಎಂದು ಹೇಳಿ, ಬೆಳಿಗ್ಗೆ 68,000 ಎಂದರೆ, ಅಂಗಡಿಯವರು ಇನ್ಯಾರದೋ ಮುಂದೆ ಕೈಚಾಚಬೇಕಾಗುತ್ತದೆ. ಹಾಗೆಯೇ ಸಲ್ಲಿಸಿಬಿಟ್ಟರೆ ಇನ್ನೂ ಕಷ್ಟ: ಒಮ್ಮೆ ಹಾಕಿದ 3ಬಿಯನ್ನು ವಾಪಸ್ ತೆಗೆದು ತಿದ್ದುವ ಅವಕಾಶವಿಲ್ಲ, ಮುಂದಿನ ತಿಂಗಳುಗಳಲ್ಲಿ ಸರಿದೂಗಿಸಬೇಕು.

ಮೆಸೇಜನ್ನು ಇನ್ನೊಮ್ಮೆ ಓದಿ ನೋಡಿ. ಅವರಿಗೆ ರಾತ್ರಿಯೇ ಕೆಲಸ ಆಗಬೇಕಾಗಿಲ್ಲ. ರಾತ್ರಿ ಮೊತ್ತ ತಿಳಿದರೂ ದುಡ್ಡು ಹೊಂದುವುದು ಬೆಳಿಗ್ಗೆಯೇ. ತಮ್ಮ ಫೈಲು ಯಾರದೋ ಕೈಯಲ್ಲಿದೆಯೇ, ಬಾಯಿ ಯಾವ ಹೊತ್ತಿಗೆ ತೆರೆಯುತ್ತಾರೆ, ದಂಡ ಬೀಳುತ್ತದೆಯೇ ಎನ್ನುವುದು ಗೊತ್ತಾದರೆ ಸಾಕು. ಹಾಗಾಗಿ ಉತ್ತರ ಹೀಗಿರಬಹುದು:

‘ಅಣ್ಣಾರೆ, ಮೆಸೇಜ್ ನೋಡಿದೆ. ನಿಮ್ಮ 3ಬಿ ನಾಳೆ ಮೊದಲನೇ ಕೆಲಸ. ಪೈಪ್ ಕಂಪನಿ ಬಿಲ್ ಒಂದು ತಾಳೆ ಆಗ್ತಿಲ್ಲ, ಅದನ್ನ ವಿಚಾರಿಸಿ 11 ಗಂಟೆಯೊಳಗೆ ಮೊತ್ತ ಹೇಳ್ತೀನಿ. ಕೊನೇ ದಿನ ನಾಡಿದ್ದು, ಲೇಟ್ ಫೀ ಬೀಳಲ್ಲ. ಆ ಬಿಲ್ಲಿನ ಫೋಟೋ ಮಾತ್ರ ಕಳಿಸಿಟ್ಟಿರಿ.’

ಇದರಲ್ಲಿ ಎಲ್ಲೂ ‘ಆಫೀಸ್ ಟೈಮ್ ಮುಗಿದಿದೆ’ ಎಂಬ ಮಾತಿಲ್ಲ. ತಡವಾಗುವುದಕ್ಕೆ ಕೊಟ್ಟ ಕಾರಣ ಅವರ ಬಿಲ್ಲಿನದು, ನಮ್ಮ ನಿದ್ದೆಯದಲ್ಲ. ‘ನಾಳೆ’ಗೆ ಬದಲು ಗಂಟೆ ಹೇಳಿದೆ, ‘ನಾಳೆ’ ಎಂಬುದು ತೀರಾ ಉದ್ದದ ದಿನ, ಅಷ್ಟರಲ್ಲಿ ನಾಲ್ಕು ಫೋನು ಬಂದಿರುತ್ತವೆ. ಅವರಿಗೂ ಒಂದು ಸಣ್ಣ ಕೆಲಸ ಕೊಟ್ಟಿದೆ. ಫೋಟೋ ಕಳಿಸಿದ ಮೇಲೆ ತಮ್ಮ ಪಾಲಿನದು ಮುಗಿಯಿತೆಂದು ಅವರು ಮಲಗುತ್ತಾರೆ. ಆದರೆ 11 ಎಂದ ಮೇಲೆ ಬಿಲ್ಲು ತಾಳೆಯಾಗದಿದ್ದರೂ 11ಕ್ಕೆ ‘ಇನ್ನೂ ಆಗಿಲ್ಲ, ಮೂರು ಗಂಟೆಗೆ’ ಎಂದಾದರೂ ಹೇಳಲೇಬೇಕು. ಈ ಗಂಟೆ ತಪ್ಪಿದರೆ ಮುಂದಿನ ತಿಂಗಳು ರಾತ್ರಿ ಮೆಸೇಜಿನ ಬದಲು ಫೋನೇ ಬರುತ್ತದೆ.

ಹಾಗಾದರೆ ನಿಯಮ ಹೇಳುವುದು ಯಾವಾಗ? ಹಗಲಲ್ಲಿ, ಎಲ್ಲ ಗಿರಾಕಿಗಳಿಗೂ ಒಂದೇ ಸಲ, ಗಡುವಿನ ಬಿಸಿ ಆರಿದ ಮೇಲೆ. ಆತಂಕದಲ್ಲಿರುವವರಿಗೆ ಆ ಹೊತ್ತಿನಲ್ಲಿ ನಿಯಮ ಹೇಳಿದರೆ ಬೈಗುಳದಂತೆ ಕೇಳುತ್ತದೆ. ಅದೇ ಮಾತು 22ರ ಮಧ್ಯಾಹ್ನ ಹೋದರೆ ಯಾರಿಗೂ ಚುಚ್ಚುವುದಿಲ್ಲ: ‘ಮಾರಾಟದ ಬಿಲ್ 5ರೊಳಗೆ ಕೊಡಿ. ಕಟ್ಟಬೇಕಾದ ಮೊತ್ತ 17ರ ಸಂಜೆ ನಾವೇ ತಿಳಿಸ್ತೀವಿ. ರಾತ್ರಿ 8ರ ಮೇಲೆ ಬಂದ ಮೆಸೇಜಿಗೆ ಮರುದಿನ ಹತ್ತೂವರೆಯೊಳಗೆ ಉತ್ತರ. 19, 20ಕ್ಕೆ ರಾತ್ರಿ 10ರವರೆಗೂ ಇರ್ತೀವಿ. ಲಾರಿ ರಸ್ತೆಯಲ್ಲಿ ನಿಂತಿದ್ರೆ ಮೆಸೇಜ್ ಬೇಡ, ಯಾವ ಹೊತ್ತಾದ್ರೂ ಫೋನ್ ಮಾಡಿ.’ 17ರ ಸಂಜೆ ಮೊತ್ತ ತಾನಾಗಿ ಬಂದರೆ 18ರ ರಾತ್ರಿಯ ಪ್ರಶ್ನೆಯೇ ಹುಟ್ಟುವುದಿಲ್ಲ. ತೊಂದರೆಯ ಅರ್ಧ ಭಾಗ ಗಿರಾಕಿಯ ಅವಸರದ್ದಲ್ಲ, ನಮ್ಮ ಕಡೆಯಿಂದ ಸುದ್ದಿ ಹೋಗದೆ ಇದ್ದದ್ದರದು.

ಲಾರಿಯ ಮಾತು ಯಾಕೆ ಬಂತೆಂದರೆ, ಈ ಕಸುಬಿನಲ್ಲಿ ನಿಜವಾಗಿಯೂ ರಾತ್ರಿಯೇ ಆಗಬೇಕಾದ ಕೆಲಸ ಅದೊಂದು. 50,000 ರೂಪಾಯಿ ಮೀರಿದ ಸರಕು ಸಾಗಿಸಲು ಸಾಮಾನ್ಯವಾಗಿ ಇ-ವೇ ಬಿಲ್ ಬೇಕು. ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ದಾರಿಯಲ್ಲಿ ಲಾರಿ ಕೆಟ್ಟು ಸರಕನ್ನು ಬೇರೆ ಗಾಡಿಗೆ ಏರಿಸಿದರೆ ಹೊಸ ನಂಬರ್ ಹಾಕದೆ ಹೊರಡುವಂತಿಲ್ಲ. ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ತೆರಿಗೆಯ ಎರಡರಷ್ಟು ದಂಡದವರೆಗೂ ಹೋಗಬಹುದು. ಅವಧಿ ವಿಸ್ತರಣೆಗೆ ಮಾತ್ರ ಸ್ವಲ್ಪ ಉಸಿರಾಡುವಷ್ಟು ಸಮಯವಿದೆ, ಮುಗಿಯುವ 8 ಗಂಟೆ ಮೊದಲಿನಿಂದ 8 ಗಂಟೆ ನಂತರದವರೆಗೆ. ಅಂದರೆ ನಡುರಾತ್ರಿ ಮುಗಿಯುವ ಬಿಲ್ಲನ್ನು ಬೆಳಿಗ್ಗೆ 8ರವರೆಗೂ ವಿಸ್ತರಿಸಬಹುದು, ಆದರೆ ಲಾರಿ ಅಷ್ಟು ಹೊತ್ತು ನಿಂತಿರಬೇಕು. ಇಂಥ ಗಿರಾಕಿಗಳು ಇದ್ದರೆ, ಅಂಗಡಿಯ ಹುಡುಗನೊಬ್ಬನಿಗೆ ಇ-ವೇ ಪೋರ್ಟಲಿನಲ್ಲಿ ಉಪ-ಬಳಕೆದಾರನ ಲಾಗಿನ್ ಮಾಡಿಸಿ ಗಾಡಿ ನಂಬರ್ ಬದಲಿಸುವುದನ್ನು ಒಂದು ಮಧ್ಯಾಹ್ನ ಕಲಿಸಿಬಿಡುವುದು ಲೇಸು. ರಾತ್ರಿಯ ಫೋನುಗಳಲ್ಲಿ ಬಹುಪಾಲು ಅಲ್ಲಿಗೇ ನಿಲ್ಲುತ್ತವೆ.

ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಕೆಲಸದ ಹೊತ್ತು ಮೀರಿದ ಮೇಲೆ ತಾನಾಗಿ ಹೋಗುವ ಮೆಸೇಜು ಇಡಬಹುದು. ಅದರಲ್ಲೂ ಬೆಳಿಗ್ಗೆಯ ಗಂಟೆ ಮತ್ತು ಲಾರಿಯ ಮಾತು ಇದ್ದರೆ ಸಾಕು, ‘ನಿಮ್ಮ ಸಂದೇಶ ನಮಗೆ ಅಮೂಲ್ಯ’ ಎಂಬಂಥದ್ದು ಬೇಡ. ಆದರೆ ಆ ಮೆಸೇಜು ಹೋದ ಹತ್ತು ನಿಮಿಷಕ್ಕೆ ಮದುವೆಯ ಸ್ಟೇಟಸ್ ಹಾಕಿದರೆ, ‘ಆನ್‌ಲೈನ್ ಇದ್ರಲ್ಲ ಮೇಡಂ’ ಎಂಬ ಮಾತು ಬಂದೇ ಬರುತ್ತದೆ. ಕೆಲಸಕ್ಕೆ ಬೇರೆ ನಂಬರ್ ಇಟ್ಟುಕೊಳ್ಳುವುದು ಒಳ್ಳೆಯದು.

‘ಆ ಇನ್ನೊಬ್ಬ ಆಡಿಟರ್ ಹನ್ನೆರಡಕ್ಕೂ ಮಾಡಿಕೊಡ್ತಾರೆ’ ಎನ್ನುವವರೂ ಇದ್ದಾರೆ. ಇದಕ್ಕೆ ವಾದಕ್ಕಿಳಿಯಬಾರದು. ‘ಮಾಡಿಕೊಡಬಹುದು ಅಣ್ಣಾರೆ. ನಾನು ಮಾತ್ರ ಬಿಲ್ ತಾಳೆ ನೋಡದೆ ಹಾಕಲ್ಲ, ಅದಕ್ಕೆ ಬೆಳಿಗ್ಗೆನೇ ಬೇಕು’ ಎಂದು ನಿಲ್ಲಿಸಬಹುದು. ಆಮೇಲೂ ಹೋಗುವವರು ಹೋಗಲಿ.

ಈ ಎಲ್ಲಕ್ಕೂ ಹೊರತಾದ ಒಂದು ಮೆಸೇಜಿದೆ: ಪೋರ್ಟಲಿಗೆ ಬಂದ ನೋಟಿಸಿನ ಫೋಟೋ, ಕೆಳಗೆ ‘ಇದೇನು ಮೇಡಂ?’ ಅಷ್ಟೇ. ಇದು ಬಂದದ್ದು ಕಣ್ಣಿಗೆ ಬಿದ್ದರೆ ಬೆಳಿಗ್ಗೆಗೆಂದು ಬಿಡುವುದು ಸರಿಯಲ್ಲ. ಮನೆಮಂದಿಯೆಲ್ಲ ಎದ್ದು ಕೂತಿರುತ್ತಾರೆ. ರಿಟರ್ನಿನಲ್ಲಿ ವ್ಯತ್ಯಾಸ ಕಂಡಾಗ ವಿವರಣೆ ಕೇಳಿ ಬರುವ ಎಎಸ್‌ಎಂಟಿ-10 ಆಗಿದ್ದರೆ ಉತ್ತರಿಸಲು 30 ದಿನದವರೆಗೂ ಕಾಲಾವಕಾಶ ಇರುತ್ತದೆ. ನೋಟಿಸಿನಲ್ಲಿರುವ ಕೊನೆಯ ದಿನವನ್ನು ನೋಡಿ, ‘ವಿವರಣೆ ಕೇಳಿದ್ದಾರೆ ಅಷ್ಟೇ, ದುಡ್ಡು ಕಟ್ಟಿ ಅಂತಲ್ಲ. ಮುಂದಿನ ತಿಂಗಳ 12ರವರೆಗೆ ಟೈಮ್ ಇದೆ. ನಾಳೆ ನಾಲ್ಕಕ್ಕೆ ಬಿಲ್ ಫೈಲ್ ತಗೊಂಡು ಬನ್ನಿ’ ಎಂದು ಬರೆಯಲು ಎರಡು ನಿಮಿಷ ಸಾಕು. ನೋಟಿಸಿನ ಒಳಗೇನಿದೆ ಎನ್ನುವ ಚರ್ಚೆ ಆ ರಾತ್ರಿ ಶುರುವಾಗದಂತೆ ಮಾತ್ರ ನೋಡಿಕೊಳ್ಳಬೇಕು.